ಲಾಕ್‌ರಿಂಗ್ ಟೂಲ್, ಚೈನ್ ವಿಪ್ ಎರಡೂ ಇದ್ದರೂ ಹಿಂದಿನ ಗೇರ್ ಸೆಟ್ ಬಿಚ್ಚಲು ಬರುತ್ತಿಲ್ಲ

ಮಕ್ಕಂದೂರು ಮೇಷ್ಟ್ರು – ಶನಿವಾರ, ಮಧ್ಯಾಹ್ನ 12:40

ಎಲ್ಲರಿಗೂ ನಮಸ್ಕಾರ. ನನ್ನದು 26 ಇಂಚಿನ ಚಕ್ರದ, ಹಿಂದೆ ಏಳು ಗೇರ್ ಇರುವ ಸೈಕಲ್. 2017ರಲ್ಲಿ ಕೊಂಡದ್ದು; ಅಂದಿನಿಂದ ವಾರಕ್ಕೆ ಮೂರು ನಾಲ್ಕು ದಿನ ಮಕ್ಕಂದೂರಿನಿಂದ ಮಡಿಕೇರಿಗೆ ಹೋಗಿ ಬರುತ್ತಿದ್ದೇನೆ. ಕಳೆದ ವಾರ ಹಿಂದಿನ ಚಕ್ರದ ಬಲಬದಿಯ ಒಂದು ಕಡ್ಡಿ ಹಬ್ಬಿನ ಬುಡದಲ್ಲೇ ಮುರಿಯಿತು. ಹೊಸ ಕಡ್ಡಿಯನ್ನು ಹಬ್ಬಿನ ತೂತಿಗೆ ತೂರಿಸಲು ದೊಡ್ಡ ಹಲ್ಲುಚಕ್ರ ಅಡ್ಡ ಬರುತ್ತದೆ, ಆದ್ದರಿಂದ ಗೇರ್ ಸೆಟ್ಟನ್ನೇ ಬಿಚ್ಚಬೇಕು.

ಇದಕ್ಕಾಗಿ ಲಾಕ್‌ರಿಂಗ್ ಟೂಲ್ ಮತ್ತು ಹಿಡಿಗೆ ಚೈನಿನ ತುಂಡು ಜೋಡಿಸಿದ ಚೈನ್ ವಿಪ್ ತರಿಸಿಕೊಂಡೆ. ಚೈನ್ ವಿಪ್ಪನ್ನು ದೊಡ್ಡ ಹಲ್ಲುಚಕ್ರಕ್ಕೆ ಸುತ್ತಿ ಬಲಕ್ಕೆ ಒತ್ತಿ ಹಿಡಿದು, ಟೂಲಿಗೆ ಸ್ಪಾನರ್ ಹಾಕಿ ಎಡಕ್ಕೆ ತಿರುಗಿಸುತ್ತಿದ್ದೇನೆ. ಇವತ್ತು ಬೆಳಗಿನಿಂದ ಮಾಡಿದರೂ ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಟೂಲ್ ಒಳಗೆ ಅರ್ಧದಷ್ಟು ಮಾತ್ರ ಕೂರುತ್ತದೆ, ಜೋರು ಹಾಕಿದರೆ ಹಾರಿ ಹೊರಗೆ ಬರುತ್ತದೆ. ಒಮ್ಮೆ ಹಾಗೆ ಹಾರಿದಾಗ ಬೆರಳಿನ ಗೆಣ್ಣು ಹಲ್ಲಿಗೆ ತಾಗಿ ಚರ್ಮ ಕಿತ್ತುಬಂತು. ನಾನು ತಿರುಗಿಸುತ್ತಿರುವ ದಿಕ್ಕು ತಪ್ಪೇ? ಅಥವಾ ಇಷ್ಟು ವರ್ಷದ ಮಳೆಗೆ ತುಕ್ಕು ಹಿಡಿದು ಬೆಸೆದುಹೋಗಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಗೋಣಿಕೊಪ್ಪ ಗಾಡಿ – 12:52

ದಿಕ್ಕು ಸರಿಯಾಗಿದೆ ಸರ್. ಸ್ಪಾನರ್ ಹಿಡಿಗೆ ಎರಡು ಅಡಿ ಉದ್ದದ ಕಬ್ಬಿಣದ ಪೈಪ್ ತೂರಿಸಿ ಒತ್ತಿ, ಬರದೆ ಎಲ್ಲಿಗೆ ಹೋಗುತ್ತದೆ?

ವಿರಾಜಪೇಟೆ ಸೈಕಲ್ ಶೆಡ್ – 1:15

ಪೈಪ್ ಹಾಕಬೇಡಿ ಮೇಷ್ಟ್ರೇ, ಸ್ವಲ್ಪ ತಾಳಿ. ಅರ್ಧ ಮಾತ್ರ ಕೂತಿರುವ ಟೂಲಿಗೆ ಪೈಪಿನ ಬಲ ಕೊಟ್ಟರೆ ಒಳಗಿನ ಕಚ್ಚುಗಳು ಸವೆದು ನುಣ್ಣಗಾಗುತ್ತವೆ, ಆಮೇಲೆ ಸರಿಯಾದ ಟೂಲ್ ತಂದರೂ ಹಿಡಿತ ಸಿಗುವುದಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ ಉತ್ತರ ಬರೆಯಿರಿ. ಚಕ್ರವನ್ನು ಅಲುಗಾಡದಂತೆ ಹಿಡಿದು ಹಲ್ಲುಚಕ್ರಗಳನ್ನು ಹಿಂದಕ್ಕೆ, ಅಂದರೆ ಟಿಕ್ ಟಿಕ್ ಸದ್ದು ಬರುವ ಕಡೆಗೆ, ತಿರುಗಿಸಿ. ಹಾಗೆ ತಿರುಗಿಸುವಾಗ ನೀವು ಟೂಲ್ ಕೂರಿಸುವ ಆ ಕಚ್ಚುಕಚ್ಚಾದ ಉಂಗುರವನ್ನು ನೋಡಿ. ಅದು ಹಲ್ಲುಗಳ ಜೊತೆಗೆ ತಿರುಗುತ್ತದೆಯೋ, ಇಲ್ಲವೇ ಚಕ್ರದ ಜೊತೆ ಸುಮ್ಮನೆ ನಿಂತಿರುತ್ತದೆಯೋ? ಜೊತೆಗೆ ಅತಿ ಸಣ್ಣ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು ಎಂದು ಎಣಿಸಿ.

ನಾಪೋಕ್ಲು ಸವಾರ – 1:31

ಎಣಿಸುವ ಅಗತ್ಯವೇ ಇಲ್ಲ. ಏಳು ಗೇರ್ ಎಂದರೆ ಅದು ಫ್ರೀವೀಲ್, ಎಂಟು ಗೇರಿನಿಂದ ಮೇಲೆ ಕ್ಯಾಸೆಟ್. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ವಿರಾಜಪೇಟೆ ಸೈಕಲ್ ಶೆಡ್ – 1:44

ಅರ್ಧ ನಿಜ. ಏಳು ಗೇರಿನ ಕ್ಯಾಸೆಟ್‌ಗಳೂ ಇವೆ, ನನ್ನ ಕೈಯಲ್ಲೇ ಬಿಚ್ಚಿದ್ದೇನೆ. ಎಂಟು ಗೇರಿನ ಫ್ರೀವೀಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಗೇರ್ ಎಣಿಸಿ ತೀರ್ಮಾನಿಸಿದರೆ ಹತ್ತರಲ್ಲಿ ಒಂದೆರಡು ಸಲವಾದರೂ ಮೋಸ ಹೋಗುತ್ತೀರಿ. ಹಿಂದಕ್ಕೆ ತಿರುಗಿಸಿ ನೋಡುವ ಪರೀಕ್ಷೆ ಮೋಸ ಮಾಡುವುದಿಲ್ಲ.

ಮಕ್ಕಂದೂರು ಮೇಷ್ಟ್ರು – 2:20

ನೋಡಿದೆ. ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿದಾಗ ಒಳಗಿನ ಕಚ್ಚುಗಳು ಕದಲದೆ ನಿಂತಿವೆ. ಅತಿ ಸಣ್ಣದಕ್ಕೆ 14 ಹಲ್ಲು, ಅತಿ ದೊಡ್ಡದಕ್ಕೆ 28. ಮುಖದ ಮೇಲೆ ತುಕ್ಕನ್ನು ಒರೆಸಿ ನೋಡಿದರೂ ಲಾಕ್‌ರಿಂಗ್‌ಗಳ ಮೇಲೆ ಸಾಮಾನ್ಯವಾಗಿ ಇರುವ LOCK ಎಂಬ ಬರಹ ಎಲ್ಲಿಯೂ ಇಲ್ಲ.

ವಿರಾಜಪೇಟೆ ಸೈಕಲ್ ಶೆಡ್ – 3:05

ಹಾಗಾದರೆ ನಿಮ್ಮದು ಕ್ಯಾಸೆಟ್ ಅಲ್ಲ, ಫ್ರೀವೀಲ್. ನಿಮ್ಮ ತೋಳಿನ ಬಲದಲ್ಲಿ ಯಾವ ಕೊರತೆಯೂ ಇಲ್ಲ, ಬೆಳಗಿನಿಂದ ನಿಮ್ಮ ಎರಡು ಕೈಗಳು ಒಂದರ ವಿರುದ್ಧ ಇನ್ನೊಂದು ಕಾದಾಡಿವೆ, ಅಷ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಶೆಡ್ಡಿಗೆ ಕಚ್ಚು ಸವೆದು ಬರುವ ಚಕ್ರಗಳಲ್ಲಿ ಹೆಚ್ಚಿನವು ಇದೇ ಗೊಂದಲದಿಂದ ಹಾಳಾದವು.

ಕ್ಯಾಸೆಟ್ಟಿನಲ್ಲಿ ಟಿಕ್ ಟಿಕ್ ಎನ್ನುವ ಯಂತ್ರ ಹಬ್ಬಿನ ಭಾಗವಾಗಿರುತ್ತದೆ. ಅದರ ಮೇಲೆ ಹಲ್ಲುಚಕ್ರಗಳು ಸುಮ್ಮನೆ ಜಾರಿ ಕೂತಿರುತ್ತವೆ, ಅವು ಹೊರಗೆ ಬಾರದಂತೆ ಒಂದು ಲಾಕ್‌ರಿಂಗ್ ಬಿಗಿದಿರುತ್ತದೆ. ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿದರೆ ಇಡೀ ಗೇರ್ ಸೆಟ್ ಹಿಂದಕ್ಕೆ ಉರುಳಿಬಿಡುತ್ತದೆ. ಹಾಗೆ ಉರುಳದಂತೆ ತಡೆಯುವುದೇ ಚೈನ್ ವಿಪ್ಪಿನ ಕೆಲಸ. ಅಲ್ಲಿ ಟೂಲಿನ ಬಲ, ವಿಪ್ಪಿನ ಬಲ ಎರಡೂ ಲಾಕ್‌ರಿಂಗಿನ ಮರೆಯಲ್ಲೇ, ಅಂದರೆ ತಿರುಪಿನ ಸುರುಳಿಯಲ್ಲೇ, ಸಂಧಿಸುತ್ತವೆ, ಆದ್ದರಿಂದ ಅದು ಸಡಿಲವಾಗುತ್ತದೆ.

ಫ್ರೀವೀಲ್ ಹಾಗಲ್ಲ. ಅದರಲ್ಲಿ ಟಿಕ್ ಟಿಕ್ ಯಂತ್ರವೂ ಹಲ್ಲುಗಳೂ ಒಂದೇ ಮುದ್ದೆ, ಆ ಇಡೀ ಮುದ್ದೆಯನ್ನು ಹಬ್ಬಿನ ಮೇಲಿರುವ ಮರೆಗೆ ತಿರುಗಿಸಿ ಬಿಗಿದಿರುತ್ತಾರೆ. ಟೂಲ್ ಹಿಡಿಯುವುದು ಅದರ ಒಳಗಿನ ತಿರುಳನ್ನು. ನೀವು ಟೂಲಿನಿಂದ ತಿರುಳನ್ನು ಎಡಕ್ಕೆ ತಳ್ಳುತ್ತಿದ್ದೀರಿ. ಅದೇ ಹೊತ್ತಿಗೆ ವಿಪ್ಪಿನಿಂದ ಹಲ್ಲುಗಳನ್ನು ಬಲಕ್ಕೆ ಒತ್ತಿದಾಗ ಒಳಗಿನ ಕೊಕ್ಕೆಗಳು ಕಚ್ಚಿಕೊಂಡು ಅದೇ ತಿರುಳನ್ನು ಬಲಕ್ಕೆ ತಳ್ಳುತ್ತಿವೆ. ಎರಡು ಬಲವೂ ಫ್ರೀವೀಲಿನ ಹೊಟ್ಟೆಯೊಳಗೇ ಮುಗಿದುಹೋಗುತ್ತವೆ, ಹಬ್ಬಿನ ಮರೆಗೆ ಏನೂ ತಲುಪುವುದಿಲ್ಲ. ಫ್ರೀವೀಲ್ ಬಿಚ್ಚುವಾಗ ಎದುರು ಹಿಡಿಯಬೇಕಾದದ್ದು ಹಲ್ಲುಗಳನ್ನಲ್ಲ, ಚಕ್ರವನ್ನು. ವಿಪ್ಪನ್ನು ಪೆಟ್ಟಿಗೆಗೆ ಹಾಕಿಡಿ.

ಇನ್ನು ಟೂಲಿನ ವಿಷಯ. ಫ್ರೀವೀಲಿನ ಟೂಲ್, ಕ್ಯಾಸೆಟ್ಟಿನ ಟೂಲ್ ಎರಡರಲ್ಲೂ ಹನ್ನೆರಡು ಕಚ್ಚುಗಳಿದ್ದು ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಆದರೆ ಕ್ಯಾಸೆಟ್ಟಿನದ್ದು ಒಂದು ಮಿಲಿಮೀಟರಿಗಿಂತ ಕಡಿಮೆಯಷ್ಟು ದಪ್ಪ. ಆದ್ದರಿಂದಲೇ ನಿಮ್ಮದು ಅರ್ಧ ಇಳಿದು ನಿಂತಿದೆ. ಫ್ರೀವೀಲ್ ರಿಮೂವರ್ ಎಂದು ಕೇಳಿ ತನ್ನಿ, ಚಕ್ರವನ್ನೂ ಜೊತೆಗೆ ಒಯ್ದು ಅಂಗಡಿಯಲ್ಲೇ ಕೂರಿಸಿ ನೋಡಿ. ಸರಿಯಾದದ್ದು ಬುಡದವರೆಗೆ ಇಳಿದು ಅಲುಗಾಡದೆ ನಿಲ್ಲುತ್ತದೆ.

ಸೋಮವಾರಪೇಟೆ ಮಳೆ – 3:40

ನನ್ನದೂ ಇದೇ ತೊಂದರೆ. ಒಂಬತ್ತು ಗೇರಿನ ಸೈಕಲ್. ಲಾಕ್‌ರಿಂಗ್ ಕರಕರ ಎಂದು ಬಿಚ್ಚಿಬಂತು, ಆದರೆ ಹಲ್ಲುಚಕ್ರಗಳು ಹೊರಗೆ ಜಾರುತ್ತಿಲ್ಲ. ನಾನೂ ಚಕ್ರವನ್ನು ಹಿಡಿದು ತಿರುಗಿಸಲೇ?

ವಿರಾಜಪೇಟೆ ಸೈಕಲ್ ಶೆಡ್ – 3:58

ಬೇಡ, ನಿಮ್ಮದು ಬೇರೆ ಕಾಯಿಲೆ. ನಿಮ್ಮದು ಕ್ಯಾಸೆಟ್, ಲಾಕ್‌ರಿಂಗ್ ಬಂದ ಮೇಲೆ ತಿರುಗಿಸುವ ಮರೆ ಯಾವುದೂ ಉಳಿದಿಲ್ಲ. ಬಿಡಿಬಿಡಿಯಾದ ಉಕ್ಕಿನ ಹಲ್ಲುಚಕ್ರಗಳು ಪೆಡಲ್ ಒತ್ತಿದಾಗಲೆಲ್ಲ ಅವು ಕೂತಿರುವ ಮೆದುವಾದ ಅಲ್ಯೂಮಿನಿಯಂ ಏಣುಗಳ ಅಂಚನ್ನು ಕಚ್ಚಿ ಗುಂಡಿ ತೋಡಿಕೊಂಡಿರುತ್ತವೆ. ಅವನ್ನು ಹಿಂದಕ್ಕೆ ಸರಿಸಬೇಕು. ಆದರೆ ಹಿಂದಕ್ಕೆ ತಳ್ಳಿದರೆ ಇಡೀ ಸೆಟ್ಟೇ ಉರುಳುತ್ತದೆ. ಆದ್ದರಿಂದ ಎರಡು ಚೈನ್ ವಿಪ್ ಬೇಕು. ಒಂದನ್ನು ದೊಡ್ಡ ಹಲ್ಲುಚಕ್ರಕ್ಕೆ ಸುತ್ತಿ ಬಲಕ್ಕೆ ಹಿಡಿಯಿರಿ, ಇನ್ನೊಂದನ್ನು ಸಿಕ್ಕಿಕೊಂಡ ಸಣ್ಣದಕ್ಕೆ ಸುತ್ತಿ ಎಡಕ್ಕೆ ಒತ್ತಿ. ಟಕ್ ಎಂದು ಬಿಡುತ್ತದೆ. ಒಂದೊಂದಾಗಿ ತೆಗೆದ ಮೇಲೆ ಎದ್ದುನಿಂತ ಗೀರುಗಳನ್ನು ಸಣ್ಣ ಅರದಿಂದ ಸವರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ತೆಳು ಹಲ್ಲುಚಕ್ರ ಬಾಗುತ್ತದೆ.

ಸೋಮವಾರಪೇಟೆ ಮಳೆ – 4:02

ಮೀಟಿ ಆಗಿಹೋಯಿತು. ಒಂದು ಸ್ವಲ್ಪ ಬಾಗಿದೆ. ಎರಡನೆಯ ವಿಪ್ಪನ್ನು ಹೊಂದಿಸುತ್ತೇನೆ, ಧನ್ಯವಾದ.

ಕುಶಾಲನಗರದ ತೀರದವಳು – 5:10

ನಾನು ಯಂತ್ರಶಾಸ್ತ್ರ ಓದಿದವಳು, ಸೈಕಲನ್ನೂ ತುಳಿಯುತ್ತೇನೆ. ಶೆಡ್ಡಿನವರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಮೇಷ್ಟ್ರಿಗೆ ಎಷ್ಟು ಬಲ ಬೇಕು ಎಂಬ ಅಂದಾಜು ಇದ್ದರೆ ಒಳ್ಳೆಯದು.

ಫ್ರೀವೀಲಿನ ಮರೆ ಬಲಮುರಿ, ಪೆಡಲ್ ತುಳಿದಾಗಲೆಲ್ಲ ಅದು ಇನ್ನಷ್ಟು ಬಿಗಿಯಾಗುತ್ತದೆ. ಮೇಷ್ಟ್ರು 60 ಕೆ.ಜಿ. ಇದ್ದಾರೆ, ಏರಿನಲ್ಲಿ ಎದ್ದುನಿಂತು ಪೂರ್ತಿ ಭಾರವನ್ನು ಪೆಡಲಿಗೆ ಹಾಕುತ್ತಾರೆ, ಕ್ರ್ಯಾಂಕ್ 17 ಸೆಂ.ಮೀ. ಉದ್ದವಿದೆ ಎಂದುಕೊಳ್ಳಿ. ಮುಂದೆ 28 ಹಲ್ಲು, ಹಿಂದೆಯೂ 28 ಹಲ್ಲು ಇದ್ದರೆ ಆ ತಿರುಚುಬಲ ಹಾಗೆಯೇ ಫ್ರೀವೀಲಿನ ಮರೆಗೆ ಸೇರುತ್ತದೆ. ಅದನ್ನು 25 ಸೆಂ.ಮೀ. ಉದ್ದದ ಸ್ಪಾನರಿನಿಂದ ಬಿಚ್ಚಬೇಕಾದರೆ ಹಿಡಿಯ ತುದಿಯಲ್ಲಿ ಸುಮಾರು 40 ಕೆ.ಜಿ. ಒತ್ತಬೇಕು, ತುಕ್ಕಿನ ಹಿಡಿತ ಬೇರೆ. ಕ್ಯಾಸೆಟ್ಟಿನ ಲಾಕ್‌ರಿಂಗಿಗೆ ಪೆಡಲಿನ ಬಲ ಹೋಗುವುದೇ ಇಲ್ಲ. ಅದನ್ನು ಬಿಗಿಯುವುದು ಸುಮಾರು 40 ನ್ಯೂಟನ್ ಮೀಟರಿಗೆ, ಅದೇ ಸ್ಪಾನರಿನಲ್ಲಿ 16 ಕೆ.ಜಿ. ಸಾಕು.

ಜನ ಯೋಚಿಸದ ಒಂದು ಸಂಗತಿಯೂ ಇದೆ. ಹಗುರವಾದ ಗೇರಿನಲ್ಲೇ ಫ್ರೀವೀಲ್ ಹೆಚ್ಚು ಬಿಗಿಯಾಗುತ್ತದೆ, ಏಕೆಂದರೆ ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ಅದೇ ಚೈನಿನ ಎಳೆತ ಹೆಚ್ಚು ತಿರುಚುಬಲ ಕೊಡುತ್ತದೆ. ಬಯಲುಸೀಮೆಯ ಸೈಕಲ್ಲಿಗೂ ನಮ್ಮ ಘಾಟಿಯ ಸೈಕಲ್ಲಿಗೂ ಇಲ್ಲಿ ವ್ಯತ್ಯಾಸ ಕಾಣುತ್ತದೆ. ಎಂಟು ವರ್ಷ ಮಡಿಕೇರಿ ಏರನ್ನು ದೊಡ್ಡ ಹಲ್ಲಿನಲ್ಲೇ ಹತ್ತಿದವರ ಫ್ರೀವೀಲ್ ಕೈಯಿಂದ ಬರುವುದಿಲ್ಲ.

ಗೋಣಿಕೊಪ್ಪ ಗಾಡಿ – 5:22

ಹಾಗಾದರೆ ನಾನು ಹೇಳಿದ ಪೈಪೇ ಸರಿ ಅಲ್ಲವೇ? 60 ಸೆಂ.ಮೀ. ಪೈಪಿಗೆ 17 ಕೆ.ಜಿ. ಸಾಕಾಗುತ್ತದೆ.

ಕುಶಾಲನಗರದ ತೀರದವಳು – 5:30

ಸರಿಯಾದ ಟೂಲ್ ಬುಡದವರೆಗೆ ಕೂತ ಮೇಲೆ ಪೈಪ್ ಹಾಕಿದರೆ ಲೆಕ್ಕ ಸರಿ. ಆದರೆ ಪೈಪ್ ಒಂದೇ ಬದಿಗೆ ತಳ್ಳುತ್ತದೆ, ಟೂಲನ್ನು ಓರೆ ಮಾಡುತ್ತದೆ. ಬೆಂಚ್ ವೈಸಿಗೆ ಟೂಲ್ ಕಚ್ಚಿಸಿ ಚಕ್ರವನ್ನೇ ಎರಡು ಕೈಯಿಂದ ತಿರುಗಿಸಿದರೆ ಟಯರಿನ ಅಂಚಿನಲ್ಲಿ ಒಂದೊಂದು ಕೈಗೆ 15 ಕೆ.ಜಿ. ಬಿದ್ದರೆ ಸಾಕು, ಬಲವೂ ಎರಡು ಬದಿಗೆ ಸಮನಾಗಿ ಹೋಗುತ್ತದೆ.

ಸಿದ್ದಾಪುರದ ತೋಟ – 6:15

ನಮ್ಮ ತೋಟದ ಶೆಡ್ಡಿನಲ್ಲಿ ಪಲ್ಪಿಂಗ್ ಯಂತ್ರದ ಕೆಲಸಕ್ಕೆಂದು ಇಟ್ಟ ಆರು ಇಂಚಿನ ವೈಸ್ ಇದೆ. ಮೇಷ್ಟ್ರು ಚಕ್ರ ತಂದರೆ ಅಲ್ಲೇ ಮಾಡಬಹುದು. ಆದರೆ ಕ್ರಮ ಗೊತ್ತಿರುವವರು ಮೊದಲು ಪೂರ್ತಿ ಹೇಳಿಬಿಡಿ, ನನಗೆ ಸೈಕಲ್ಲಿನ ಅನುಭವ ಇಲ್ಲ.

ವಿರಾಜಪೇಟೆ ಸೈಕಲ್ ಶೆಡ್ – 7:30

ಹೇಳುತ್ತೇನೆ. ಹಿಂದಿನ ರಾತ್ರಿಯೇ ಎಣ್ಣೆ ಬಿಡಬೇಕು. ಎಲ್ಲರೂ ಹಲ್ಲುಗಳ ಮೇಲೆ ಎಣ್ಣೆ ಸುರಿಯುತ್ತಾರೆ, ಅದು ಮರೆಗೆ ಹೋಗುವುದಿಲ್ಲ. ಚಕ್ರವನ್ನು ಗೇರ್ ಕೆಳಗೆ ಬರುವಂತೆ ಮಲಗಿಸಿ, ಕಡ್ಡಿಗಳ ನಡುವಿನಿಂದ ನೋಡಿದರೆ ದೊಡ್ಡ ಹಲ್ಲುಚಕ್ರದ ಬೆನ್ನಿಗೂ ಹಬ್ಬಿಗೂ ನಡುವೆ ಒಂದು ಸಣ್ಣ ಸಂದು ಕಾಣುತ್ತದೆ. ಅಲ್ಲಿಗೆ ಸುತ್ತಲೂ ಹನಿ ಹನಿಯಾಗಿ ಬಿಡಿ, ಸಿರಿಂಜ್ ಇದ್ದರೆ ಸುಲಭ. ಆಮೇಲೆ ಚಕ್ರವನ್ನು ಮಗುಚಿ, ಟೂಲ್ ಕೂರುವ ಗುಂಡಿಯ ತಳಕ್ಕೂ ನಾಲ್ಕು ಹನಿ ಹಾಕಿ. ಟಯರಿನ ಗಾಳಿ ಇಳಿಸಬೇಡಿ, ತಿರುಗಿಸುವಾಗ ಹಿಡಿತಕ್ಕೆ ಬೇಕಾಗುತ್ತದೆ.

ಮರುದಿನ ಆಕ್ಸಲಿನ ಬಲಬದಿಯ ನಟ್ ತೆಗೆದು ಟೂಲ್ ಇಳಿಸಿ. ಅದರ ಮೇಲೆ ಅದೇ ನಟ್ಟನ್ನು ಮತ್ತೆ ಹಾಕಿ ಬೆರಳಿನಲ್ಲಿ ಬಿಗಿಯಿರಿ. ಟೂಲ್ ಹಾರದಂತೆ ಹಿಡಿಯುವುದು ಈ ನಟ್ಟೇ. ಕ್ವಿಕ್ ರಿಲೀಸ್ ಇರುವ ಚಕ್ರವಾದರೆ ಸ್ಪ್ರಿಂಗ್ ತೆಗೆದು ಅದರ ಕಡ್ಡಿಯಿಂದಲೇ ಹೀಗೆ ಹಿಡಿಸಬಹುದು. ಈಗ ಟೂಲಿನ ಚಪ್ಪಟೆ ಬದಿಗಳನ್ನು ವೈಸಿಗೆ ಕಚ್ಚಿಸಿ, ಚಕ್ರ ಮೇಜಿನಂತೆ ಮಲಗಿರಲಿ. ರಿಮ್ಮನ್ನು ಬಸ್ಸಿನ ಸ್ಟೀರಿಂಗಿನಂತೆ ಎರಡು ಕಡೆ ಹಿಡಿದು, ಮೇಲಿನಿಂದ ನೋಡುವವರಿಗೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಗೇರ್ ಕೆಳಗಿದ್ದರೂ ದಿಕ್ಕು ಇದೇ, ಏಕೆಂದರೆ ಈಗ ಟೂಲ್ ನಿಂತಿದೆ, ತಿರುಗುತ್ತಿರುವುದು ಚಕ್ರ. ಎಳೆದಾಡಬೇಡಿ, ಒಂದೇ ಸಮನೆ ಬಲ ಹೆಚ್ಚಿಸುತ್ತಾ ಹೋಗಿ.

ಮುಖ್ಯವಾದದ್ದು ಇದು. ಕಟ್ ಎಂದು ಬಿಟ್ಟ ಕೂಡಲೇ ಅರ್ಧ ಸುತ್ತಿಗೆ ನಿಲ್ಲಿಸಿ ಆ ನಟ್ಟನ್ನು ಸಡಿಲಿಸಬೇಕು. ಫ್ರೀವೀಲ್ ಮೇಲೆದ್ದು ಬರುತ್ತಾ ಟೂಲನ್ನು ನಟ್ಟಿಗೆ ಒತ್ತುತ್ತದೆ. ನಟ್ ಸಡಿಲಿಸದೆ ಮುಂದುವರಿಸಿದರೆ ಮತ್ತೆ ಸಿಕ್ಕಿಕೊಂಡ ಹಾಗೆ ಅನಿಸುತ್ತದೆ, ಆಗ ಇನ್ನೂ ಜೋರು ಹಾಕಿದರೆ ಆಕ್ಸಲಿನ ಮರೆಯೋ ಹಬ್ಬಿನ ಮರೆಯೋ ಹೋಗುತ್ತದೆ.

ನಾಪೋಕ್ಲು ಸವಾರ – 7:48

ಯಾವ ಎಣ್ಣೆ ಎಂದು ಹೇಳಲಿಲ್ಲ. ನಾನು ಡೀಸೆಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹಾಕುತ್ತೇನೆ, ಇದುವರೆಗೆ ಸೋತಿಲ್ಲ. ಅಂಗಡಿಯ ಸ್ಪ್ರೇ ಡಬ್ಬಿಗೆ ದುಡ್ಡು ಸುರಿಯುವುದು ವ್ಯರ್ಥ.

ವಿರಾಜಪೇಟೆ ಸೈಕಲ್ ಶೆಡ್ – 8:01

ಡೀಸೆಲೂ ನಡೆಯುತ್ತದೆ. ಸಂದಿಗೆ ಇಳಿಯುವಷ್ಟು ತೆಳುವಾಗಿರಬೇಕು, ಒಂದು ರಾತ್ರಿಯ ಸಮಯ ಕೊಡಬೇಕು, ಅಷ್ಟೆ. ಹಾಕಿ ಹತ್ತೇ ನಿಮಿಷಕ್ಕೆ ಕೆಲಸ ಮಾಡಲಿಲ್ಲ ಎನ್ನುವವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗೋಣಿಕೊಪ್ಪ ಗಾಡಿ – 8:10

ಎಣ್ಣೆಗಿಂತ ಕುದಿಯುವ ನೀರು ಒಳ್ಳೆಯದು. ಒಂದು ಕೆಟಲ್ ನೀರನ್ನು ಫ್ರೀವೀಲಿನ ಮೇಲೆ ಸುರಿಯಿರಿ, ಲೋಹ ಹಿಗ್ಗಿ ಬಿಡುತ್ತದೆ. ಗ್ಯಾರೇಜಿನಲ್ಲಿ ನಾವು ಬೋಲ್ಟ್ ಬಿಚ್ಚುವುದು ಬಿಸಿ ಮಾಡಿಯೇ.

ಕುಶಾಲನಗರದ ತೀರದವಳು – 8:35

ಇದನ್ನು ಒಪ್ಪುವುದಕ್ಕೆ ಆಗುವುದಿಲ್ಲ. ಹೊರಗೆ ಇರುವ ಫ್ರೀವೀಲ್ ಉಕ್ಕು, ಒಳಗೆ ಇರುವ ಹಬ್ ಅಲ್ಯೂಮಿನಿಯಂ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕುದಿಯುವ ನೀರು ಎರಡನ್ನೂ ಬಿಸಿ ಮಾಡಿದರೆ ಒಳಗಿನದ್ದೇ ಹೆಚ್ಚು ಉಬ್ಬಿ ಹಿಡಿತ ಇನ್ನೂ ಬಿಗಿಯಾಗುತ್ತದೆ. ಗ್ಯಾರೇಜಿನ ಬೋಲ್ಟಿನಲ್ಲಿ ಒಳಗೆ ಹೊರಗೆ ಎರಡೂ ಉಕ್ಕು, ಹೊರಗಿನ ನಟ್ ಮೊದಲು ಬಿಸಿಯಾಗಿ ಹಿಗ್ಗುತ್ತದೆ. ಇಲ್ಲಿಗೆ ಆ ಲೆಕ್ಕ ಬರುವುದಿಲ್ಲ.

ಗೋಣಿಕೊಪ್ಪ ಗಾಡಿ – 8:47

ಲೆಕ್ಕ ನಿಮ್ಮದು ಸರಿಯಿರಬಹುದು ಅಕ್ಕ, ಆದರೆ ನಾನು ಒಂದು ಸೈಕಲನ್ನು ಹೀಗೆಯೇ ಬಿಚ್ಚಿದ್ದೇನೆ. ಬಿಸಿ ನೀರು ಸುರಿದು, ಆರಿದ ಮೇಲೆ ತಿರುಗಿಸಿದಾಗ ಬಂತು.

ಕುಶಾಲನಗರದ ತೀರದವಳು – 8:55

ಆರಿದ ಮೇಲೆ ಎಂದಿರಿ ನೋಡಿ. ಒಮ್ಮೆ ಹಿಗ್ಗಿ ಮತ್ತೆ ಕುಗ್ಗಿದಾಗ ನಡುವಿನ ಬಿಳಿ ಹುಡಿಯ ಬೆಸುಗೆ ಬಿರಿದು ಬಿಟ್ಟಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿ ಇರುವಾಗಲೇ ತಿರುಗಿಸಿ ಎಂಬ ಸಲಹೆಯನ್ನು ಮಾತ್ರ ಒಪ್ಪುವುದಿಲ್ಲ.

ವಿರಾಜಪೇಟೆ ಸೈಕಲ್ ಶೆಡ್ – 9:05

ನನಗೆ ಬಿಸಿಯ ವಿಷಯದಲ್ಲಿ ಖಚಿತವಾದ ಅಭಿಪ್ರಾಯ ಇಲ್ಲ. ಹಬ್ಬಿನೊಳಗಿನ ಗ್ರೀಸ್ ಕರಗಿ ಹೋಗುತ್ತದೆ ಎಂದು ನಾನು ಮಾಡುವುದಿಲ್ಲ, ಅಷ್ಟೆ.

ಪೊನ್ನಂಪೇಟೆ ಹಾಸ್ಟೆಲ್ – ಭಾನುವಾರ, ಬೆಳಿಗ್ಗೆ 7:20

ನನ್ನ ಅನುಭವ ಹೇಳಬೇಕು, ಯಾರಿಗೂ ಹೀಗಾಗಬಾರದು. ಹಳೆಯ ಚಕ್ರದ ರಿಮ್ ಬದಲಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಎಲ್ಲಾ ಕಡ್ಡಿಗಳನ್ನು ಕತ್ತರಿಸಿ ತೆಗೆದ ಮೇಲೆ ಫ್ರೀವೀಲ್ ಬಿಚ್ಚಲು ಹೊರಟರು. ಕೈಯಲ್ಲಿ ಉಳಿದದ್ದು ನಿಂಬೆಹಣ್ಣಿನ ಗಾತ್ರದ ಹಬ್ ಮಾತ್ರ, ಅದನ್ನು ಹಿಡಿಯುವುದಾದರೂ ಎಲ್ಲಿ? ಹಬ್ಬನ್ನೇ ವೈಸಿಗೆ ಕಚ್ಚಿಸಿದರು, ಕಡ್ಡಿ ತೂತಿನ ಅಂಚು ಒಡೆದುಹೋಯಿತು. ಚಕ್ರ ಚಕ್ರವಾಗಿರುವಾಗಲೇ ಫ್ರೀವೀಲ್ ಬಿಚ್ಚಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಮೇಷ್ಟ್ರದ್ದು ಒಂದೇ ಕಡ್ಡಿ ಮುರಿದಿರುವುದರಿಂದ ಪರವಾಗಿಲ್ಲ ಎಂದುಕೊಳ್ಳುತ್ತೇನೆ?

ವಿರಾಜಪೇಟೆ ಸೈಕಲ್ ಶೆಡ್ – 7:50

ಒಂದು ಕಡ್ಡಿ ಇಲ್ಲದಿದ್ದರೆ ತೊಂದರೆ ಇಲ್ಲ. ರಿಮ್ಮಿಗೆ ಕೊಟ್ಟ ಬಲವನ್ನು ಹಬ್ಬಿಗೆ ಒಯ್ಯುವುದು ಕಡ್ಡಿಗಳೇ, ಉಳಿದವು ಸಾಕು. ಉಳಿದವುಗಳಲ್ಲಿ ಯಾವುದಾದರೂ ತೀರಾ ಸಡಿಲವಿದ್ದರೆ ಮಾತ್ರ ಮೊದಲೇ ಸ್ವಲ್ಪ ಬಿಗಿಯಿರಿ. ತಮ್ಮಾ, ನಿನ್ನ ಹಬ್ಬಿನ ಕಥೆ ಕೇಳಿ ಬೇಸರವಾಯಿತು. ಒಡೆದ ಅಂಚಿಗೆ ಕಡ್ಡಿ ಕಟ್ಟಿಸಬೇಡ.

ಮಕ್ಕಂದೂರು ಮೇಷ್ಟ್ರು – ಗುರುವಾರ, ರಾತ್ರಿ 8:30

ಫ್ರೀವೀಲ್ ಬಂತು. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸರಿಯಾದ ಟೂಲ್ ಮಂಗಳವಾರ ಸಿಕ್ಕಿತು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಆದರೆ ಹೊಸದು ಗುಂಡಿಯೊಳಗೆ ಬೆರಳಿನ ಒತ್ತಡಕ್ಕೇ ಬುಡದವರೆಗೆ ಇಳಿದು ಟಕ್ ಎಂದು ನಿಂತಿತು. ಬುಧವಾರ ಹೇಳಿದ ಸಂದಿಗೆ ಸಿರಿಂಜಿನಿಂದ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಇವತ್ತು ರಜೆ ಹಾಕಿ ಚಕ್ರವನ್ನು ಸಿದ್ದಾಪುರದ ತೋಟಕ್ಕೆ ಒಯ್ದೆ.

ಮೊದಲ ಸಲ ತಿರುಗಿಸಿದಾಗ ಫ್ರೀವೀಲ್ ಕದಲಲಿಲ್ಲ, ವೈಸ್ ಕೂತಿದ್ದ ಬೆಂಚೇ ನೆಲದ ಮೇಲೆ ತಿರುಗಿತು. ಇಬ್ಬರು ಬೆಂಚನ್ನು ಒತ್ತಿ ಹಿಡಿದರು. ಎರಡನೆಯ ಸಲ ನಿಧಾನವಾಗಿ ಬಲ ಹೆಚ್ಚಿಸಿದಾಗ ಕಡ್ಡಿಗಳು ಒಂದೆರಡು ಸಲ ಚಿಟಿಚಿಟಿ ಎಂದವು, ಅದರ ಹಿಂದೆಯೇ ಒಣಗಿದ ಬಿದಿರು ಮುರಿದಂತೆ ದೊಡ್ಡ ಸದ್ದು. ನಾನು ಆಕ್ಸಲ್ ಮುರಿಯಿತೆಂದು ಹೆದರಿ ಬಿಟ್ಟುಬಿಟ್ಟೆ. ನೋಡಿದರೆ ಚಕ್ರ ಕಾಲು ಸುತ್ತು ಸರಿದಿತ್ತು. ಆ ಗಡಿಬಿಡಿಯಲ್ಲಿ ನಟ್ ಸಡಿಲಿಸುವುದನ್ನು ಮರೆತು ಇನ್ನೊಮ್ಮೆ ತಿರುಗಿಸಿದೆ, ಸ್ವಲ್ಪ ಹೋಗಿ ಮತ್ತೆ ಗಟ್ಟಿಯಾಯಿತು. ಆಗ ಶೆಡ್ಡಿನವರ ಮಾತು ನೆನಪಾಗಿ ನಟ್ಟನ್ನು ಎರಡು ಸುತ್ತು ಬಿಟ್ಟೆ. ಆಮೇಲೆ ಕೈಯಿಂದಲೇ ತಿರುಗಿ ಹೊರಗೆ ಬಂತು.

ಹಬ್ಬಿನ ಮರೆಯಲ್ಲಿ ಉಪ್ಪಿನ ಹುಡಿಯಂತಹ ಬಿಳಿ ಪದಾರ್ಥ ತುಂಬಿದೆ, ಗ್ರೀಸಿನ ಸುಳಿವೇ ಇಲ್ಲ. ಹೊರತುದಿಯ ಮೊದಲ ಎರಡು ಮರೆಗಳ ಶಿಖರ ಸ್ವಲ್ಪ ಹೊಳೆಯುತ್ತಿದೆ, ಒಂದು ಕಡೆ ಅಗೆದ ಹಾಗಿದೆ. ಈ ಹಬ್ಬನ್ನು ಮುಂದೆ ಬಳಸಬಹುದೇ?

ಸಿದ್ದಾಪುರದ ತೋಟ – 8:41

ಬೆಂಚಿಗೆ ನಾಳೆಯೇ ನೆಲದ ಬೋಲ್ಟ್ ಹಾಕಿಸುತ್ತೇನೆ.

ವಿರಾಜಪೇಟೆ ಸೈಕಲ್ ಶೆಡ್ – 9:10

ಬಹಳ ಸಂತೋಷ ಮೇಷ್ಟ್ರೇ. ಆ ಬಿಳಿ ಹುಡಿ ಅಲ್ಯೂಮಿನಿಯಂ ಕಿಲುಬು. ಉಕ್ಕೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿ ಕೂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ; ಕಕ್ಕಡದ ಮಳೆಯಲ್ಲಿ ಚಕ್ರ ಒಣಗುವುದೇ ಇಲ್ಲವಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆಯಿಂದ ಪೂರ್ತಿ ತೆಗೆಯಿರಿ, ತಂತಿಯ ಬ್ರಷ್ ಬೇಡ.

ಬಳಸಬಹುದೇ ಎಂಬುದನ್ನು ಫ್ರೀವೀಲೇ ಹೇಳುತ್ತದೆ. ಟೂಲ್ ಇಲ್ಲದೆ ಬರೀ ಬೆರಳುಗಳಿಂದ ತಿರುಗಿಸಿ ಕೂರಿಸಿ. ಮೊದಲು ಒಂದು ಸುತ್ತು ಎಡಕ್ಕೆ ತಿರುಗಿಸಿದರೆ ಮರೆಯ ಬಾಯಿ ಸೇರಿದಾಗ ಸಣ್ಣದಾಗಿ ಬಿದ್ದಂತೆ ಅನುಭವವಾಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಬೇಕು. ನಾಲ್ಕೈದು ಸುತ್ತು ಬೆರಳಿನಲ್ಲೇ ಸಲೀಸಾಗಿ ಹೋದರೆ ಹಬ್ ಚೆನ್ನಾಗಿದೆ. ಮೊದಲ ಸುತ್ತಿಗೇ ಬಿಗಿಯಾದರೆ, ಅಥವಾ ಹಲ್ಲುಗಳು ಚಕ್ರಕ್ಕೆ ಓರೆಯಾಗಿ ಕಂಡರೆ, ಅಡ್ಡಮರೆ ಹತ್ತುತ್ತಿದೆ ಎಂದು ತಿಳಿದು ಹಿಂದಕ್ಕೆ ಬನ್ನಿ. ಅಲ್ಯೂಮಿನಿಯಂ ಮೆದು, ಉಕ್ಕಿನ ಫ್ರೀವೀಲ್ ತಪ್ಪು ದಾರಿಯಲ್ಲೂ ಹೊಸ ಮರೆ ಕೊರೆದುಕೊಂಡು ಹೋಗಿಬಿಡುತ್ತದೆ.

ನಾಪೋಕ್ಲು ಸವಾರ – 9:25

ಹಾಕುವಾಗ ಸಾಮಾನ್ಯ ಗ್ರೀಸ್ ಸಾಲದು, ಬಿಗಿ ಹಿಡಿಯದಂತೆ ತಡೆಯುವ ತಾಮ್ರದ ಪುಡಿ ಬೆರೆತ ಪೇಸ್ಟ್ ಬೇಕು. ನಮ್ಮ ಮಳೆಗೆ ಗ್ರೀಸ್ ಒಂದೇ ವರ್ಷಕ್ಕೆ ತೊಳೆದುಹೋಗುತ್ತದೆ.

ಕುಶಾಲನಗರದ ತೀರದವಳು – 9:33

ತಾಮ್ರವನ್ನು ಅಲ್ಯೂಮಿನಿಯಮ್ಮಿಗೆ ಹಚ್ಚುವುದು ನನಗೆ ಸರಿಕಾಣುವುದಿಲ್ಲ, ಒದ್ದೆಯಾದಾಗ ಅವೆರಡರ ಜೋಡಿ ಉಕ್ಕಿನದಕ್ಕಿಂತ ಕೆಟ್ಟದ್ದು. ಅಲ್ಯೂಮಿನಿಯಂ ಪುಡಿಯ ಪೇಸ್ಟೂ ಸಿಗುತ್ತದೆ.

ನಾಪೋಕ್ಲು ಸವಾರ – 9:40

ನಾನು ಮೂರು ಚಕ್ರಗಳಿಗೆ ತಾಮ್ರದ್ದೇ ಹಾಕಿದ್ದೇನೆ, ಮೂರೂ ಸುಲಭವಾಗಿ ಬಿಚ್ಚಿವೆ. ಎಣ್ಣೆಯ ನಡುವೆ ಇರುವ ಪುಡಿಗೆ ನೀರು ತಾಗುವುದಾದರೂ ಹೇಗೆ?

ವಿರಾಜಪೇಟೆ ಸೈಕಲ್ ಶೆಡ್ – 9:52

ನಾನು ದಪ್ಪ ಗ್ರೀಸನ್ನೇ ಧಾರಾಳವಾಗಿ ಹಚ್ಚುತ್ತೇನೆ, ವರ್ಷಕ್ಕೊಮ್ಮೆ ಮಳೆ ಕಳೆದ ಮೇಲೆ ಬಿಚ್ಚಿ ಮತ್ತೆ ಹಚ್ಚುತ್ತೇನೆ. ಹಾಕುವಾಗ ಸ್ಪಾನರಿನಿಂದ ಬಿಗಿಯುವ ಅಗತ್ಯ ಇಲ್ಲ ಮೇಷ್ಟ್ರೇ, ಮೊದಲ ಏರಿನಲ್ಲಿ ನಿಮ್ಮ ಕಾಲುಗಳೇ ಬಿಗಿಯುತ್ತವೆ.

ಪೊನ್ನಂಪೇಟೆ ಹಾಸ್ಟೆಲ್ – 10:05

ಒಂದು ವೇಳೆ ವೈಸಿನಲ್ಲೂ ಬಾರದೆ ಒಳಗಿನ ಕಚ್ಚುಗಳೇ ಹೋಗಿದ್ದರೆ ಏನು ಮಾಡಬೇಕಿತ್ತು? ನನ್ನ ಗೆಳೆಯನದ್ದು ಹಾಗಾಗಿದೆ.

ವಿರಾಜಪೇಟೆ ಸೈಕಲ್ ಶೆಡ್ – 10:20

ಆಗ ಫ್ರೀವೀಲನ್ನು ಬಲಿ ಕೊಡಬೇಕು. ಮುಖದ ಮೇಲೆ ಎರಡು ಸಣ್ಣ ಗುಂಡಿಗಳಿರುವ ಒಂದು ಉಂಗುರ ಕಾಣುತ್ತದೆ. ಅದರ ಮರೆ ಎಡಮುರಿ, ಆದ್ದರಿಂದ ಗುಂಡಿಗೆ ಪಂಚ್ ಇಟ್ಟು ಸುತ್ತಿಗೆಯಿಂದ ಬಲಕ್ಕೆ ಹೊಡೆದು ತಿರುಗಿಸಬೇಕು. ಎಡಕ್ಕೆ ಹೊಡೆದರೆ ಇನ್ನಷ್ಟು ಬಿಗಿಯುತ್ತದೆ. ಉಂಗುರ ಬಂದ ಮೇಲೆ ಹಲ್ಲುಗಳಿರುವ ಹೊರಕವಚ ಎದ್ದು ಬರುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡುಗಳು ರಾಶಿಯಾಗಿ ಉದುರುತ್ತವೆ. ಹಬ್ಬಿನ ಮೇಲೆ ಉಳಿಯುವ ತಿರುಳನ್ನು ನೇರವಾಗಿ ವೈಸಿಗೆ ಗಟ್ಟಿಯಾಗಿ ಕಚ್ಚಿಸಿ ಚಕ್ರ ತಿರುಗಿಸಿದರೆ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಲಿ.

ಮಕ್ಕಂದೂರು ಮೇಷ್ಟ್ರು – ಶನಿವಾರ, ಸಂಜೆ 6:15

ಮರೆಯನ್ನು ತೊಳೆದು ಬೆರಳಿನಲ್ಲಿ ತಿರುಗಿಸಿ ನೋಡಿದೆ, ಆರು ಸುತ್ತು ಸಲೀಸಾಗಿ ಹೋಯಿತು. ಹೊಸ ಕಡ್ಡಿ ಹಾಕಿ, ದಪ್ಪ ಗ್ರೀಸ್ ಹಚ್ಚಿ ಅದೇ ಫ್ರೀವೀಲನ್ನು ಕೂರಿಸಿದ್ದೇನೆ. ಇವತ್ತು ಮಡಿಕೇರಿಯವರೆಗೆ ಹತ್ತಿ ಬಂದೆ. ಮೊದಲ ಏರಿನಲ್ಲಿ ಪೆಡಲ್ ಒತ್ತಿದಾಗ ಎರಡು ಸಲ ಸಣ್ಣಗೆ ಕರ್ ಎಂದು ಜರುಗಿದಂತಾಯಿತು, ಆಮೇಲೆ ಸದ್ದಿಲ್ಲ. ಅದು ಫ್ರೀವೀಲ್ ಕೊನೆಯ ಬಿಗಿತಕ್ಕೆ ಬಂದ ಸದ್ದೇ, ಅಥವಾ ಆ ಅಗೆದ ಮರೆ ಜಾರಿದ್ದೇ?

ವಿರಾಜಪೇಟೆ ಸೈಕಲ್ ಶೆಡ್ – 6:40

ಬಹುಶಃ ಕೂತ ಸದ್ದು. ಆದರೂ ಹಲ್ಲುಚಕ್ರದ ಬೆನ್ನಿಗೂ ಹಬ್ಬಿನ ಅಂಚಿಗೂ ನಡುವೆ ಇರುವ ಸಂದನ್ನು ಇವತ್ತು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಶನಿವಾರ ಮತ್ತೆ ನೋಡಿ. ಸಂದು ಇದ್ದಷ್ಟೇ ಇದ್ದರೆ ನಿಶ್ಚಿಂತೆ. ಇನ್ನೂ ಕಿರಿದಾಗುತ್ತಾ ಹೋದರೆ ಮರೆ ಸೋಲುತ್ತಿದೆ, ಆಗ ಇಲ್ಲೇ ಬರೆಯಿರಿ.